ಗದ್ದ ಸಣ್ಣದಾದವರ ಗಡ್ಡ

ನಮ್ಮ ಸಭಾಪಾಲಕರಿಗೆ, ಅಂದರೆ ಪಾದ್ರಿ ಅಯ್ಯನವರಿಗೆ, ಗದ್ದವೇ ಇಲ್ಲ ಎಂದು ಚರ್ಚಿನ ಜನ ಆಡಿಕೊಳ್ಳುತ್ತಿದ್ದರು. ಅದು ಸುಳ್ಳು. ಅವರಿಗೆ ಗದ್ದ ಇತ್ತು. ಕೆಳತುಟಿಯ ಕೆಳಗಿನಿಂದ ಮುಂದಕ್ಕೆ ಬರಬೇಕಾದದ್ದು ಹಿಂದಕ್ಕೆ ಸರಿದು, ಇಳಿಜಾರಾಗಿ ಕುತ್ತಿಗೆಯಲ್ಲಿ ಸೇರಿಹೋಗಿತ್ತು, ಅಷ್ಟೆ. ಅದರ ಜೊತೆಗೆ ದುಂಡು ಮುಖ, ಮೂಲೆಯೇ ಇಲ್ಲದ ದವಡೆ. ಮೂವತ್ತು ದಾಟಿದ ಮನುಷ್ಯ ಪ್ರಸಂಗಪೀಠದ ಮೇಲೆ ನಿಂತರೆ ಕಾಲೇಜು ಹುಡುಗ ಭಾಷಣ ಸ್ಪರ್ಧೆಗೆ ನಿಂತಂತೆ ಕಾಣುತ್ತಿತ್ತು. ಹಳಬರು ಬೆನ್ನ ಹಿಂದೆ ಅವರನ್ನು ‘ಕೂಸು’ ಎನ್ನುತ್ತಿದ್ದರು. ಆ ಮುಖಕ್ಕೆ ಗಡ್ಡ ಬಿಡಿಸಿದವಳು ನಾನು. ಅದಕ್ಕಾಗಿ ಆಗ ಯಾರ ಮುಂದೆಯೂ ತಲೆ ತಗ್ಗಿಸಲಿಲ್ಲ, ಈಗಲೂ ತಗ್ಗಿಸುವುದಿಲ್ಲ.

ನನ್ನ ಗಂಡನ ಸಲೂನು ಗೋಕುಲ ರಸ್ತೆಯಲ್ಲಿದೆ. ಎರಡು ಕುರ್ಚಿ, ಗೋಡೆಯುದ್ದಕ್ಕೂ ಕನ್ನಡಿ, ಕಾಯುವವರಿಗೆ ಒಂದು ಬೆಂಚು. ಸುತ್ತ ವರ್ಕ್‌ಶಾಪುಗಳು ಇರುವುದರಿಂದ ಬರುವವರ ಕೂದಲಲ್ಲಿ ಕಬ್ಬಿಣದ ಪುಡಿಯೂ ಇರುತ್ತದೆ. ನಾನು ಮೊದಲು ಬೆಂಗೇರಿಯ ಒಂದು ಲೇಡೀಸ್ ಪಾರ್ಲರಿನಲ್ಲಿ ಕೆಲಸ ಮಾಡುತ್ತಿದ್ದೆ. ಹುಬ್ಬು ತೀಡುವುದು, ಮದುಮಗಳ ಅಲಂಕಾರ, ಕೂದಲಿಗೆ ಬಣ್ಣ. ದುಂಡು ಮುಖದ ಮದುಮಗಳಿಗೆ ಕೆನ್ನೆಯ ಬದಿಯಲ್ಲಿ ಕಪ್ಪು ಛಾಯೆ ಕೊಟ್ಟರೆ ಮುಖ ಹೇಗೆ ಕಿರಿದಾಗುತ್ತದೆ, ಗದ್ದದ ತುದಿಗೆ ಬೆಳಕು ಕೊಟ್ಟರೆ ಅದು ಹೇಗೆ ಮುಂದೆ ಬರುತ್ತದೆ ಎಂಬುದನ್ನು ನನ್ನ ಕೈ ಅಲ್ಲಿಯೇ ಕಲಿತದ್ದು. ಮುಖವೆಂದರೆ ನೆರಳು ಬೆಳಕಿನ ಕೆಲಸ ಎಂಬುದು ಅಂದಿನಿಂದ ನನ್ನ ನಂಬಿಕೆ.

ಎರಡನೆಯ ಕುರ್ಚಿಯಲ್ಲಿ ಕೆಲಸ ಮಾಡುತ್ತಿದ್ದವನು ಗೋವಾಕ್ಕೆ ಹೋದಾಗ ಆ ಕುರ್ಚಿಯ ಹಿಂದೆ ನಾನು ನಿಲ್ಲುತ್ತೇನೆ ಎಂದೆ. ನನ್ನ ಗಂಡ ಅತ್ತೆಯ ಕಡೆ ನೋಡಿದ. ಗಂಡಸರ ದಾಡಿ ಮಾಡುವ ಹೆಂಗಸನ್ನು ಜನ ಏನೆಂದಾರು ಎಂದು ಅತ್ತೆ ಕೇಳಿದರು. ಹೆಂಗಸರ ಮುಖ ಮುಟ್ಟುವ ಗಂಡಸರು ಊರ ಪಾರ್ಲರುಗಳ ತುಂಬ ಇದ್ದಾರೆ, ಅವರಿಗೆ ಯಾರೂ ಏನೂ ಅನ್ನುವುದಿಲ್ಲವಲ್ಲ ಎಂದು ನಾನು ಕೇಳಿದೆ. ಅತ್ತೆ ಒಪ್ಪಿಗೆ ಕೊಡಲಿಲ್ಲ. ಮರುದಿನ ನಾನು ಏಪ್ರನ್ ಕಟ್ಟಿಕೊಂಡು ಅಂಗಡಿಗೆ ಹೋದೆ.

ಕತ್ತರಿ ನನಗೆ ಹೊಸದಲ್ಲ. ದಾಡಿಯ ಕೆಲಸವನ್ನು ಗಂಡನ ಮುಖದ ಮೇಲೆಯೇ ಕಲಿತೆ, ಆತನ ಕೆನ್ನೆಯ ಮೇಲಿನ ಕೆಲವು ಗೀರುಗಳು ನನ್ನವು. ಕೆಲಸ ಬಂತು, ಆದರೆ ಗಿರಾಕಿ ಬರಲಿಲ್ಲ. ಬೆಂಚಿನ ಮೇಲೆ ನಾಲ್ಕಾರು ಜನ ಕೂತಿದ್ದರೂ ನನ್ನ ಕುರ್ಚಿ ಖಾಲಿ. ಬರ್ರಿ ಎಂದು ಕರೆದರೆ ಅವಸರವಿಲ್ಲ ಎನ್ನುವರು. ಒಬ್ಬನಂತೂ ನಾನು ಕರೆದಕೂಡಲೇ ಚಹಾ ಕುಡಿದು ಬರುತ್ತೇನೆಂದು ಹೋದವನು ತಿರುಗಿ ಬರಲೇ ಇಲ್ಲ. ನಾನು ದಿನವೂ ಕುರ್ಚಿ ಒರೆಸಿ, ಟ್ರಿಮ್ಮರಿಗೆ ಎಣ್ಣೆ ಬಿಟ್ಟು, ಅಲ್ಲಿಯೇ ನಿಂತಿರುತ್ತಿದ್ದೆ. ಕೂರುತ್ತಿರಲಿಲ್ಲ. ಕೂತರೆ ಸೋತ ಹಾಗೆ ಎಂದು ನನಗೆ ಅನ್ನಿಸುತ್ತಿತ್ತು.

ಆ ಕುರ್ಚಿಯಲ್ಲಿ ತಾವಾಗಿಯೇ ಬಂದು ಕೂತ ಮೊದಲ ಮನುಷ್ಯ ನಮ್ಮ ಸಭಾಪಾಲಕರು. ಅವರು ನಮ್ಮ ಚರ್ಚಿಗೆ ಬಂದು ಹೆಚ್ಚು ದಿನವಾಗಿರಲಿಲ್ಲ. ಮದುವೆಯಾಗಿರಲಿಲ್ಲ, ಚರ್ಚಿನ ಹಿಂದಿನ ಮನೆಯಲ್ಲಿ ಒಬ್ಬರೇ ಇದ್ದರು. ಒಂದು ಸೋಮವಾರ ಮಧ್ಯಾಹ್ನ ಒಳಗೆ ಬಂದು, ಗಂಡನ ಕುರ್ಚಿಯಲ್ಲಿ ಬೇರೆಯವರಿದ್ದುದನ್ನು ನೋಡಿ, ನೆಟ್ಟಗೆ ನನ್ನ ಕುರ್ಚಿಗೆ ಬಂದರು. ಅಂಗೈಯಿಂದ ಬಾಯಿ ಗದ್ದ ಮುಚ್ಚಿಕೊಂಡೇ ಮಾತಾಡುವ ಅಭ್ಯಾಸ ಅವರಿಗೆ. ಕೈ ತೆಗೆದಾಗ ನೋಡಿದೆ: ಮೀಸೆಯಿಲ್ಲ, ಕೆನ್ನೆ ನುಣ್ಣಗೆ. ಒಂದು ಕಿವಿಯಿಂದ ಇನ್ನೊಂದು ಕಿವಿಗೆ ದವಡೆಯ ಅಂಚಿನುದ್ದಕ್ಕೂ ಹುರಿಯ ದಪ್ಪದ ಒಂದು ಗೆರೆ. ಕೆಲವರು ಅದಕ್ಕೆ ಚಿನ್ ಸ್ಟ್ರಾಪ್ ಎನ್ನುತ್ತಾರೆ, ನಮ್ಮಲ್ಲಿ ಬರುವ ಹುಡುಗರು ಪಟ್ಟಿ ಗಡ್ಡ ಎನ್ನುತ್ತಾರೆ. ಬೇರೆಲ್ಲೋ ಮಾಡಿಸಿದ್ದರು. ಫೋನಿನಲ್ಲಿ ಯಾವುದೋ ಚಿತ್ರ ತೋರಿಸಿದ್ದರಂತೆ. ಭಾನುವಾರ ಅದನ್ನು ನೋಡಿ ಸಭೆಯ ಹಿರಿಯರೊಬ್ಬರು, ಅಯ್ಯನವರು ಹೀರೋ ಆಗ್ಯಾರ ಎಂದು ಎಲ್ಲರೆದುರು ನಕ್ಕಿದ್ದರು. ನಾನೂ ಅಲ್ಲಿದ್ದೆ, ಕೇಳಿದ್ದೆ.

ಅದನ್ನು ಸರಿ ಮಾಡಲು ಸಾಧ್ಯವೇ ಎಂದು ಅವರು ಕೇಳಿದರು.

ಇದ್ದದ್ದನ್ನು ಇದ್ದ ಹಾಗೇ ಹೇಳಿದೆ. ಪಟ್ಟಿ ಗಡ್ಡ ದವಡೆಯ ಗಡಿ ತೋರಿಸುವ ಗೆರೆ. ದವಡೆ ಚೌಕವಾಗಿ, ಗಟ್ಟಿಯಾಗಿ ಇದ್ದವನಿಗೆ ಅದು ಒಪ್ಪುತ್ತದೆ, ಇರುವುದನ್ನು ಎತ್ತಿ ತೋರಿಸುತ್ತದೆ. ದುಂಡಗಿದ್ದವನಿಗೆ ದುಂಡಗಿರುವುದನ್ನೇ ಎತ್ತಿ ತೋರಿಸುತ್ತದೆ. ಗದ್ದ ಹಿಂದಿದ್ದರಂತೂ ಗೆರೆಯೂ ಅದರ ಹಿಂದೆಯೇ ಹೋಗುತ್ತದೆ, ನೋಡುವವರ ಕಣ್ಣನ್ನು ಅಲ್ಲಿಗೇ ಕರೆದೊಯ್ಯುತ್ತದೆ. ಮುಚ್ಚಬೇಕೆಂದು ಮಾಡಿಸಿದ್ದು ಬೆರಳು ಮಾಡಿ ತೋರಿಸುತ್ತಿತ್ತು.

ಅವರು ಕನ್ನಡಿಯಲ್ಲಿ ತಮ್ಮನ್ನೇ ನೋಡಿಕೊಂಡರು. ಇಷ್ಟು ದಿನ ಯಾರೂ ತಮ್ಮ ಮುಖದ ಬಗ್ಗೆ ನಗದೆ ಮಾತಾಡಿದ್ದಿಲ್ಲ ಎಂದರು.

ನನ್ನ ಗಂಡ ಪಕ್ಕದ ಗಿರಾಕಿಯನ್ನು ಕಳಿಸಿ ನಮ್ಮ ಹತ್ತಿರ ಬಂದ. ಆತನ ಪ್ರಕಾರ ಫ್ರೆಂಚ್ ಗಡ್ಡ ಸಾಕು. ಬಾಯಿ ಸುತ್ತ ಮೀಸೆ, ಗದ್ದದ ಮೇಲೆ ಒಂದು ಮುಷ್ಟಿ ಗಡ್ಡ, ಉಳಿದ ಕಡೆ ನುಣ್ಣಗೆ. ಚರ್ಚಿಗೂ ಒಪ್ಪುತ್ತದೆ, ಬೆಳೆಸುವುದಕ್ಕೂ ಹೆಚ್ಚು ದಿನ ಬೇಡ. ನನಗೆ ಅದು ಅರ್ಧ ಸರಿ ಅನ್ನಿಸಿತು, ಅರ್ಧ ಇಲ್ಲ. ಮಾತಿನಲ್ಲಿ ಹೇಳುವುದಕ್ಕಿಂತ ತೋರಿಸಿಬಿಡೋಣ ಎಂದು ಪಾರ್ಲರಿನ ಪೆಟ್ಟಿಗೆ ತೆಗೆದೆ. ಹುಬ್ಬಿನ ಪೆನ್ಸಿಲಿನಿಂದ ಅವರ ಮುಖದ ಮೇಲೆ ಮೊದಲು ಫ್ರೆಂಚ್ ಬರೆದೆ. ಅಗಲ ಬಾಯಿಯ ಮೂಲೆಗಳನ್ನು ದಾಟಬಾರದು, ದಾಟಿದರೆ ದುಂಡು ಮುಖ ಇನ್ನೂ ದುಂಡಾಗುತ್ತದೆ. ಕೆಳಗೆ ಮಾತ್ರ ಉದ್ದಕ್ಕೆ ಬಿಡಬೇಕು. ಮುಂದಿನಿಂದ ನೋಡಿದರೆ ನನ್ನ ಗಂಡ ಹೇಳಿದ್ದು ಖರೆ, ಮುಖ ಉದ್ದವಾಗಿ ಕಂಡಿತು, ವಯಸ್ಸೂ ಬಂತು.

ಆಮೇಲೆ ಅವರ ಮುಖವನ್ನು ಬಾಗಿಲ ಕಡೆ ತಿರುಗಿಸಿ, ಬದಿ ಕಾಣುವಂತೆ ಅವರ ಕೈಗೇ ಒಂದು ಕೈಗನ್ನಡಿ ಕೊಟ್ಟೆ. ಪೆನ್ಸಿಲಿನ ಗೆರೆ ಬದಿಯಿಂದ ಕೆಲಸ ಮಾಡುವುದಿಲ್ಲ, ಅಲ್ಲಿ ಕೂದಲೇ ಬೇಕು. ಪೆಟ್ಟಿಗೆಯಲ್ಲಿ ಮದುಮಗಳ ಜಡೆಗೆ ಸೇರಿಸುವ ಚೌರಿ ಕೂದಲು ಇತ್ತು. ಅದರಲ್ಲಿ ಒಂದು ಎಳೆ ತೆಗೆದು ಗದ್ದದ ಕೆಳಗೆ ಹಿಡಿದೆ. ಗದ್ದವೇನೋ ಮುಂದೆ ಬಂತು, ಆದರೆ ಬರಿದಾದ ಕೆನ್ನೆಯ ಕೆಳಗೆ ದವಡೆಯಿಂದ ಕುತ್ತಿಗೆಗೆ ಇಳಿಯುವ ಆ ಜಾರು ಹಾಗೆಯೇ ಕಾಣುತ್ತಿತ್ತು. ಕೂದಲಿನ ಮುಷ್ಟಿ ಒಂದೇ ಅಂಟಿಸಿದಂತೆ ಮುಂದೆ ನಿಂತಿತ್ತು.

ಮತ್ತೆ ಚೌರಿಯನ್ನು ಹರಡಿ, ಕಿವಿಯ ಹತ್ತಿರ ತೆಳ್ಳಗೆ, ದವಡೆಯ ಮೂಲೆಯಲ್ಲಿ ಸ್ವಲ್ಪ ದಪ್ಪ, ಗದ್ದದ ತುದಿಯಲ್ಲಿ ಎಲ್ಲಕ್ಕಿಂತ ಉದ್ದವಾಗಿ ಹಿಡಿದೆ. ಎರಡು ಕೈ ಸಾಲಲಿಲ್ಲ. ಒಂದು ಬದಿಯನ್ನು ನನ್ನ ಗಂಡ ಹಿಡಿದ. ಕನ್ನಡಿಯಲ್ಲಿ ಬೇರೊಬ್ಬ ಮನುಷ್ಯ ಇದ್ದ. ದವಡೆಗೆ ಮೂಲೆ ಬಂದಿತ್ತು, ಕುತ್ತಿಗೆಯ ಜಾರು ನೆರಳಿನೊಳಗೆ ಹೋಗಿತ್ತು. ತುಂಬು ಗಡ್ಡ ಎಂದರೆ ಬೆಳೆದದ್ದನ್ನೆಲ್ಲ ಬೆಳೆಯಗೊಡುವುದಲ್ಲ ಎಂದು ವಿವರಿಸಿದೆ. ಎಲ್ಲ ಕಡೆ ಒಂದೇ ಸಮ ಬೆಳೆದರೆ ದುಂಡು ಮುಖ ಕುಂಬಳಕಾಯಿಯಾಗುತ್ತದೆ. ಬದಿಗೆ ಸಣ್ಣದು, ಕೆಳಗೆ ಉದ್ದ. ತುದಿ ಚೂಪಾಗಿ ಅಲ್ಲ, ತುಸು ಚೌಕವಾಗಿ.

ಸಭಾಪಾಲಕರು ಕನ್ನಡಿಯಿಂದ ಕಣ್ಣು ತೆಗೆಯದೆ, “ಎಷ್ಟ ದಿನ ಬೇಕ್ರಿ ಅಕ್ಕಾರ?” ಎಂದು ಕೇಳಿದರು.

ತಿಂಗಳ ಮೇಲೆ ಬೇಕು, ನಡುವೆ ಕೆಲವು ದಿನ ಕೆಟ್ಟದಾಗಿ ಕಾಣುತ್ತದೆ, ಕೆರೆತ ಬರುತ್ತದೆ, ಜನ ನಗುತ್ತಾರೆ ಎಂದೆ. ಜನ ಈಗಲೂ ನಗುತ್ತಾರೆ ಎಂದರು. ಆ ದಿನ ಪಟ್ಟಿ ಗಡ್ಡವನ್ನು ಪೂರ್ತಿ ತೆಗೆದು, ಹೊಸದಾಗಿ ಶುರು ಮಾಡಿದೆವು.

ಶುರುವಿನ ವಾರಗಳು ಸುಲಭವಾಗಿರಲಿಲ್ಲ. ಅವರ ಎಡಗೆನ್ನೆಯಲ್ಲಿ ಕೂದಲು ಬಲಗಡೆಗಿಂತ ತೆಳುವಾಗಿ ಬರುತ್ತಿತ್ತು. ಅಲ್ಲಿಯ ಕೂದಲನ್ನು ಕತ್ತರಿಸಲೇಬಾರದು, ಉದ್ದವಾದಾಗ ಖಾಲಿ ಜಾಗವನ್ನು ತಾನೇ ಮುಚ್ಚುತ್ತದೆ ಎಂದು ಹೇಳಿ ಕಳಿಸಿದ್ದೆ. ವಾರಕ್ಕೊಮ್ಮೆ ಬರುವರು. ಸ್ವಲ್ಪ ಕೊಬ್ಬರಿ ಎಣ್ಣೆ ಹಚ್ಚಿ ಕೆಳಮುಖವಾಗಿ ಬಾಚಿ ಕಳಿಸುತ್ತಿದ್ದೆ. ಬೆಂಚಿನ ಮೇಲೆ ಕೂತವರು ಪಾದ್ರಿ ಅಯ್ಯನವರೇ ಆ ಕುರ್ಚಿಯಲ್ಲಿ ಕೂರುವುದನ್ನು ನೋಡಿದರು. ಹತ್ತಿರದ ವರ್ಕ್‌ಶಾಪಿನ ಒಬ್ಬ ಮುಸ್ಲಿಂ ಮೇಸ್ತ್ರಿ, ನೆರೆತ ಗಡ್ಡದವರು, ನನ್ನ ಕೆಲಸವನ್ನು ಬೆಂಚಿನಿಂದಲೇ ಗಮನಿಸುತ್ತಿದ್ದವರು, ಒಂದು ದಿನ ಎದ್ದು ಬಂದು ನನ್ನ ಮೀಸೆ ಸಣ್ಣ ಮಾಡು ತಂಗಿ ಎಂದರು. ಆ ದಿನ ನನ್ನ ಕುರ್ಚಿ ಎರಡನೆಯ ಗಿರಾಕಿ ಕಂಡಿತು.

ಆಮೇಲೊಂದು ಸೋಮವಾರ ಸಭಾಪಾಲಕರು ಬಂದರು. ಕುತ್ತಿಗೆಯ ಕೂದಲನ್ನೆಲ್ಲ ಮನೆಯಲ್ಲಿ ತಾವೇ ಬೋಳಿಸಿಕೊಂಡಿದ್ದರು, ದವಡೆಯ ಎಲುಬಿನವರೆಗೆ. ಗಡ್ಡ ಮತ್ತೆ ಮುಖದ ಅಂಚಿಗೆ ಬಂದು ನಿಂತಿತ್ತು. ಕೆಳಗಿನ ಜಾರು ಎದ್ದು ಕಾಣುತ್ತಿತ್ತು. ಪಟ್ಟಿ ಗಡ್ಡದಲ್ಲಿ ಯಾವುದು ಕೆಟ್ಟಿತ್ತೋ ಅದೇ ಬೇರೆ ದಾರಿಯಿಂದ ತಿರುಗಿ ಬಂದಿತ್ತು. ಕುತ್ತಿಗೆ ಹೊಲಸಾಗಿ ಕಾಣುತ್ತದೆ ಎಂದು ಅದೇ ಹಿರಿಯರು ಆರಾಧನೆಯ ನಂತರ ಹೇಳಿದ್ದರಂತೆ.

ನನಗೆ ಬಂದ ಸಿಟ್ಟನ್ನು ನುಂಗಿ, ಗಂಟಲಿನ ನಡುವೆ ಉಬ್ಬಿದ ಗುಬ್ಬಿಯ ಮೇಲೆ ನನ್ನ ಎರಡು ಬೆರಳು ಅಡ್ಡ ಇಟ್ಟು ತೋರಿಸಿದೆ. “ಇದರ ಕೆಳಗಿಂದಷ್ಟ ತಗಿಬೇಕ್ರಿ. ಮ್ಯಾಲಿಂದೆಲ್ಲಾ ನಿಮ್ಮ ಗದ್ದ ಅಂತ ತಿಳ್ಕೋರಿ. ಅದನ್ನ ನೀವ ತಗದ್ರ ನಾ ಏನ ಮಾಡ್ಲಿ?”

ಅವರಿಗೆ ನಗು ಬಂತು. ಮೊದಲ ಸಲ ಕೈ ಅಡ್ಡ ಇಡದೆ ನಕ್ಕರು. ಮತ್ತೆ ಬೆಳೆಯುವವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ ಮೇಲಿನದು ಉದ್ದವಾಗುತ್ತಿತ್ತು, ಕೆಳಗಿನದು ಮೊಳಕೆಯೊಡೆಯುತ್ತಿತ್ತು, ನೋಡುವುದಕ್ಕೆ ಅರ್ಧ ಕೊಯ್ದ ಹೊಲ. ಆ ವಾರಗಳಲ್ಲಿ ಚರ್ಚಿನಲ್ಲಿ ನನಗೆ ನೇರವಾಗಿಯೇ ಮಾತು ಬರತೊಡಗಿತು. ಅಯ್ಯನವರಿಗೆ ಜ್ವರ ಬಂದಿತ್ತೇ ಎಂದು ಒಬ್ಬರು. ಮುಖ ಕೆಡಿಸಿದ ಪುಣ್ಯಾತಗಿತ್ತಿ ಇವಳೇ ಎಂದು ಇನ್ನೊಬ್ಬರು, ನನಗೆ ಕೇಳುವಷ್ಟು ಗಟ್ಟಿಯಾಗಿ. ಅತ್ತೆಯೂ ಮನೆಯಲ್ಲಿ ಊಟ ಬಡಿಸುತ್ತ, ಊರವರ ಮಾತೆಲ್ಲ ಮೈಮೇಲೆ ಹಾಕಿಕೊಂಡು ನಿನಗೇನು ಬರುತ್ತದೆ ಎಂದರು. ನನಗೆ ಕೆಲಸ ಬರುತ್ತದೆ ಎಂದೆ.

ಸುಗ್ಗಿ ಹಬ್ಬ ಹತ್ತಿರ ಬಂತು. ನಮ್ಮ ಚರ್ಚಿಗೆ ಅದು ದೊಡ್ಡ ಹಬ್ಬ. ಎಲ್ಲರೂ ಬೆಳೆದದ್ದು, ಮಾಡಿದ್ದು, ಸಾಕಿದ್ದು ತಂದು ಒಪ್ಪಿಸುತ್ತಾರೆ, ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಅವುಗಳ ಲಿಲಾವು, ಅಂದರೆ ಹರಾಜು, ನಡೆಯುತ್ತದೆ. ಆ ವರ್ಷ ಬಿಷಪ್ಪರು ಬರುವವರಿದ್ದರು. ಹಿಂದಿನ ದಿನ, ಶನಿವಾರ ಬೆಳಿಗ್ಗೆ, ಸಭಾಪಾಲಕರು ಸಲೂನಿಗೆ ಬಂದರು. ಒಬ್ಬರೇ ಬರಲಿಲ್ಲ. ಜೊತೆಗೆ ಆ ಹಿರಿಯರಿದ್ದರು.

ಹಿರಿಯರ ಬಗ್ಗೆ ಹೇಳಬೇಕು. ಬೈರಿದೇವರಕೊಪ್ಪದಲ್ಲಿ ಅವರದು ಹಾರ್ಡ್‌ವೇರ್ ಅಂಗಡಿ. ಚರ್ಚಿನ ಯಾವ ಕೆಲಸಕ್ಕೂ ಮುಂದೆ, ಯಾರ ಮನೆಯಲ್ಲಿ ಸಾವಾದರೂ ಮೊದಲು ಬಂದು ನಿಲ್ಲುವವರು. ನನ್ನ ಮಾವ ತೀರಿಕೊಂಡಾಗ ಶವಪೆಟ್ಟಿಗೆಗೆ ಹೆಗಲು ಕೊಟ್ಟವರು. ಕೆಟ್ಟ ಮನುಷ್ಯ ಎಂದು ನಾನು ಎಂದೂ ಹೇಳುವುದಿಲ್ಲ. ಆದರೆ ಅವರ ದವಡೆ ಕಲ್ಲಿನಲ್ಲಿ ಕಡೆದಂತಿತ್ತು. ದಿನಾ ಬೆಳಿಗ್ಗೆ ನುಣ್ಣಗೆ ಬೋಳಿಸಿಕೊಂಡ, ಚೌಕವಾದ, ಎರಡು ಮೂಲೆಯ ದವಡೆ. ಅಂಥ ದವಡೆಯವರಿಗೆ ಗಡ್ಡ ಬೇಡವೆನ್ನುವುದು ಬಹಳ ಸುಲಭ.

ಗಂಡನ ಕುರ್ಚಿಯಲ್ಲಿ ಮುಖಕ್ಕೆ ನೊರೆ ಹಚ್ಚಿಕೊಂಡ ಗಿರಾಕಿಯಿದ್ದ. ಹಿರಿಯರು ನಿಂತೇ ಗಂಡನಿಗೆ ಹೇಳಿದರು: ನಾಳೆ ಬಿಷಪ್ಪರು ಬರುತ್ತಾರೆ, ಅಯ್ಯನವರ ಮುಖ ಸ್ವಚ್ಛ ಮಾಡು, ಗಡ್ಡ ಗಿಡ್ಡ ಏನೂ ಇರಬಾರದು. ಸಭಾಪಾಲಕರು ಯಾರ ಮುಖವನ್ನೂ ನೋಡದೆ ಬಂದು ನನ್ನ ಕುರ್ಚಿಯಲ್ಲಿ ಕೂತರು. ನಾನು ಬಿಳಿ ಬಟ್ಟೆ ಹೊದಿಸಿ ಕುತ್ತಿಗೆಗೆ ಗಂಟು ಹಾಕಿದೆ. ಗಡ್ಡ ಅಷ್ಟರಲ್ಲಿ ಆಕಾರ ಕೊಡುವ ಹದಕ್ಕೆ ಬಂದಿತ್ತು. ಎಡಗೆನ್ನೆಯೂ ಮುಚ್ಚಿಕೊಂಡಿತ್ತು. ಹಿರಿಯರ ಮಾತು, ಬೆಳೆದು ನಿಂತ ಪೈರನ್ನು ಹಬ್ಬದ ಹಿಂದಿನ ದಿನವೇ ಕಿತ್ತುಹಾಕು ಎಂದ ಹಾಗಿತ್ತು.

ಏನು ಮಾಡಲಿ ಎಂದು ಸಭಾಪಾಲಕರನ್ನು ಕೇಳಿದೆ. ಉತ್ತರ ಹಿರಿಯರಿಂದ ಬಂತು, ಪೂರ್ತಿ ತೆಗೆ ಎಂದು. ಮತ್ತೆ ಸಭಾಪಾಲಕರನ್ನೇ ಕೇಳಿದೆ. ಮತ್ತೆ ಹಿರಿಯರೇ ಹೇಳಿದರು, ಈ ಸಲ ಧ್ವನಿ ಏರಿತ್ತು.

ನಾನು ಕೈಯಲ್ಲಿದ್ದ ಟ್ರಿಮ್ಮರನ್ನು ಕೆಳಗಿಟ್ಟೆ. “ಕಾಕಾರ, ನೀವು ನನಗ ಹಿರಿಯರು. ಆದ್ರ ಈ ಕುರ್ಚಿಮ್ಯಾಲ ಕುಂತವರು ಹೇಳಿದ್ದನ್ನಷ್ಟ ನಾ ಮಾಡ್ತೇನಿ. ನಿಂತವರು ಹೇಳಿದ್ದನ್ನ ಮಾಡೂದಿಲ್ಲ.”

ನೊರೆ ಹಚ್ಚಿಕೊಂಡ ಗಿರಾಕಿ ಕೂಡ ಕನ್ನಡಿಯಲ್ಲಿ ನಮ್ಮ ಕಡೆ ನೋಡಿದ. ಹಿರಿಯರ ಮುಖ ಕೆಂಪಾಯಿತು. ಸಭಾಪಾಲಕರಿಗೆ ಒಂದು ಗಾಂಭೀರ್ಯ ಬೇಕು, ಗಡ್ಡ ಬಿಟ್ಟುಕೊಂಡು ಬಲಿಪೀಠದ ಮುಂದೆ ನಿಲ್ಲುವುದು ನಮ್ಮ ಸಭೆಯ ಪದ್ಧತಿಯಲ್ಲ ಎಂದರು. ಗಂಡಸಿನ ಮುಖದ ವಿಚಾರ ಹೆಂಗಸಿಗೆ ಏನು ತಿಳಿದೀತು ಎಂದೂ ಸೇರಿಸಿದರು.

ನನಗೆ ಚರ್ಚಿನ ಪಕ್ಕದ ಚಿಕ್ಕ ಕೋಣೆ ನೆನಪಾಯಿತು. ಸಭಾಪಾಲಕರು ನಿಲುವಂಗಿ ತೊಡುವ ಕೋಣೆ ಅದು. ಅದರ ಗೋಡೆಯ ಮೇಲೆ ಆ ಚರ್ಚು ಕಟ್ಟಿಸಿದ ಹಳೆಯ ಮಿಷನರಿಗಳ ಫೋಟೋಗಳಿವೆ. ಎದೆಯವರೆಗೆ ಗಡ್ಡ. ಚಿಕ್ಕವಳಿದ್ದಾಗ ಭಾನುವಾರದ ಶಾಲೆಗೆ ಹೋದಾಗ ನಾನು ಅವರನ್ನು ಪ್ರವಾದಿಗಳೆಂದೇ ತಿಳಿದಿದ್ದೆ. ಆ ಫೋಟೋಗಳಿಗೆ ಪ್ರತಿ ಕ್ರಿಸ್ಮಸ್‌ಗೆ ಹಾರ ಹಾಕುವವರೇ ಈ ಹಿರಿಯರು. ಹಾಗಾದರೆ ಆ ಫೋಟೋದವರ ಗಡ್ಡ ಯಾವ ಪದ್ಧತಿ ಎಂದು ಕೇಳಿದೆ. ಅವರ ಕಾಲ ಬೇರೆ ಎಂದರು. ಕಾಲ ಬೇರೆಯಾದರೂ ಗದ್ದ ಒಂದೇ ಅಲ್ಲವೇ ಎಂದೆ. ಆ ಗಡ್ಡಗಳ ಕೆಳಗೆ ಎಂಥೆಂಥ ಗದ್ದಗಳಿದ್ದವೋ ಯಾರಿಗೆ ಗೊತ್ತು.

ಸಭಾಪಾಲಕರು ಬಿಳಿ ಬಟ್ಟೆಯ ಕೆಳಗಿನಿಂದ ಕೈ ಹೊರಗೆ ತೆಗೆದು ಕುರ್ಚಿಯ ತೋಳುಗಳ ಮೇಲಿಟ್ಟರು. ಕನ್ನಡಿಯಲ್ಲಿ ಹಿರಿಯರನ್ನು ನೋಡುತ್ತ ಮಾತಾಡಿದರು. ಧ್ವನಿ ದೊಡ್ಡದಾಗಿರಲಿಲ್ಲ.

“ಸಾಲಿಯೊಳಗಿಂದ ನನಗ ಗದ್ದಿಲ್ಲದಾಂವ ಅಂತಾರ್ರಿ. ದೇವಜ್ಞಾನ ಕಲಿಯೂ ಮುಂದನೂ ಅಂದ್ರು, ಇಲ್ಲಿ ಬಂದಮ್ಯಾಲೂ ಅನ್ನಾಕತ್ತಾರ. ಪ್ರಸಂಗಕ್ಕ ನಿಂತ್ರ ಮಾತಿಗಿಂತ ಮೊದಲ ಅದ ನೆನಪಾಕ್ಕಿತ್ತು. ಈಗೀಗ ನೆನಪಾಗವಲ್ದು. ಅದಕ್ಕ ಇದು ಇರ್ಲಿ. ಬಿಷಪ್ಪರು ಕೇಳಿದ್ರ ನಾನ ಹೇಳ್ತೇನಿ.”

ಆಮೇಲೆ ನನ್ನ ಕಡೆ ತಿರುಗಿ, ಆಕಾರ ಕೊಡ್ರಿ ಅಕ್ಕಾರ ಎಂದರು.

ಹಿರಿಯರು ಬಾಗಿಲ ಕಡೆ ಹೊರಟರು. ಇದೇ ನಡೆದರೆ ಚರ್ಚಿನವರು ಯಾರೂ ಈ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ, ನೋಡಿಕೊಳ್ಳಿ ಎಂದು ನನ್ನ ಗಂಡನಿಗೆ ಹೇಳಿದರು. ನನ್ನ ಗಂಡ ಜಗಳಕ್ಕೆ ನಿಲ್ಲುವ ಜಾತಿಯವನಲ್ಲ. ಬೀದಿಯಲ್ಲಿ ಯಾರಾದರೂ ಡಿಕ್ಕಿ ಹೊಡೆದರೆ ತಾನೇ ತಪ್ಪಾಯ್ತು ಎನ್ನುವವನು. ಆತ ಕ್ಷೌರದ ಕತ್ತಿಯ ನೊರೆ ಒರೆಸುತ್ತ, “ಇರ್ಲಿ ಬಿಡ್ರಿ ಕಾಕಾರ, ಬರದವರು ಬರಬ್ಯಾಡ್ರಿ. ಆಕಿ ಕೆಲಸ ಆಕಿ ಮಾಡ್ಲಿ” ಎಂದ.

ಆತನ ಬಾಯಿಂದ ಆ ಮಾತು ಕೇಳಿ ನಾನು ಬಾಚಣಿಕೆ ಕೈಗೆತ್ತಿಕೊಂಡೆ. ಹಿರಿಯರು ಹೊರಗೆ ಹೋಗಿ ಸ್ಕೂಟರ್ ಹತ್ತಿದರು.

ಆಮೇಲೆ ಕೆಲಸ ಶುರು ಮಾಡಿದೆ. ಕೆಲಸವನ್ನು ಅಷ್ಟು ನಿಧಾನವಾಗಿ ಎಂದೂ ಮಾಡಿಲ್ಲ. ಮೊದಲು ಗಡ್ಡವನ್ನು ಒಣಗಿದ್ದಾಗಲೇ ಬಾಚಿ ನಿಲ್ಲಿಸಿದೆ. ಒದ್ದೆಯಾದ ಕೂದಲು ಉದ್ದ ಕಾಣುತ್ತದೆ, ನಂಬಿ ಕತ್ತರಿಸಿದರೆ ಒಣಗಿದ ಮೇಲೆ ಮೋಸ. ಕಿವಿಯ ಹತ್ತಿರ ಟ್ರಿಮ್ಮರಿಗೆ ಸಣ್ಣ ಬಾಚಣಿಕೆ ಹಾಕಿ ಕೆನ್ನೆಯನ್ನು ಚಪ್ಪಟೆ ಮಾಡಿದೆ. ಕೆಳಗಿಳಿಯುತ್ತ ಒಂದೊಂದೇ ನಂಬರು ದೊಡ್ಡ ಬಾಚಣಿಕೆ ಹಾಕಿಕೊಂಡು, ಎಲ್ಲಿಯೂ ಮೆಟ್ಟಿಲು ಕಾಣದಂತೆ ಬೆರೆಸಿದೆ. ದವಡೆಯ ಮೂಲೆಯಲ್ಲಿ ಕೂದಲನ್ನು ದುಂಡಗೆ ಸವರದೆ ಉಳಿಸಿಕೊಂಡೆ, ದೇವರು ಕೊಡದ ಮೂಲೆಯನ್ನು ಅಲ್ಲಿ ನಾನು ಕೊಟ್ಟೆ. ಗದ್ದಕ್ಕೆ ಟ್ರಿಮ್ಮರು ಮುಟ್ಟಿಸಲೇ ಇಲ್ಲ. ಬಾಚಣಿಕೆಯ ಮೇಲೆ ಕತ್ತರಿ ಆಡಿಸಿ ಹೊರಬಿದ್ದ ಎಳೆಗಳನ್ನಷ್ಟೇ ತೆಗೆದು, ತುದಿಯನ್ನು ಅಡ್ಡಕ್ಕೆ ನೇರ ಮಾಡಿದೆ. ಮೀಸೆಯನ್ನು ತುಟಿಯ ಅಂಚಿಗೆ ಸಣ್ಣ ಮಾಡಿದೆ. ಮೀಸೆ ಪೊದೆಯಾದರೆ ಕಣ್ಣು ಮೇಲೆಯೇ ನಿಂತು ಗದ್ದ ಮತ್ತೆ ಸಣ್ಣದಾಗುತ್ತದೆ. ಕೊನೆಗೆ ಕುತ್ತಿಗೆ. ಗಂಟಲಿನ ಗುಬ್ಬಿಯ ಮೇಲೆ ಎರಡು ಬೆರಳಿನ ಜಾಗ ಬಿಟ್ಟು, ಅದರ ಕೆಳಗೆ ಹೊಸ ಬ್ಲೇಡು ಹಾಕಿ ನುಣ್ಣಗೆ ಮಾಡಿದೆ. ಹೊಲಸು ಕುತ್ತಿಗೆ ಎನ್ನುವುದಕ್ಕೆ ಯಾರಿಗೂ ಎಡೆ ಉಳಿಸಲಿಲ್ಲ.

ಕೈಗನ್ನಡಿಯನ್ನು ಬದಿಗೆ ಹಿಡಿದು ತೋರಿಸಿದೆ. ಅವರು ಬದಿಯಿಂದ ತಮ್ಮನ್ನು ನೋಡಿಕೊಂಡರು, ಆಮೇಲೆ ಇನ್ನೊಂದು ಬದಿ. ಹೋಗುವಾಗ ಬಾಗಿಲಲ್ಲಿ ನಿಂತು, ಫ್ರೆಂಚ್ ಆದರೂ ನಡೆಯುತ್ತಿತ್ತೇನೋ, ಇಷ್ಟು ಗದ್ದಲ ಆಗುತ್ತಿರಲಿಲ್ಲ ಎಂದರು. ನಡೆಯುತ್ತಿತ್ತು, ನೀವು ಜನರ ಕಡೆ ಬದಿ ತಿರುಗದೆ ಜೀವನ ಮಾಡುವುದಾಗಿದ್ದರೆ ಎಂದೆ.

ಭಾನುವಾರ ಚರ್ಚು ತುಂಬಿತ್ತು. ಜೋಳದ ತೆನೆ, ಬಾಳೆಗೊನೆ, ಕುಂಬಳಕಾಯಿ, ಕಾಲು ಕಟ್ಟಿದ ಕೋಳಿಗಳು ಎಲ್ಲ ಮುಂದೆ ರಾಶಿ ಬಿದ್ದಿದ್ದವು. ಸಭಾಪಾಲಕರು ಬಿಳಿ ನಿಲುವಂಗಿಯಲ್ಲಿ ಬಂದಾಗ ನನ್ನ ಹಿಂದಿನ ಸಾಲಿನಲ್ಲಿ ಪಿಸುಮಾತು ಎದ್ದಿತು. ನಾನು ತಿರುಗಿ ನೋಡಲಿಲ್ಲ. ಅವರು ಸತ್ಯವೇದ ಓದುವಾಗ ಮುಖವನ್ನು ಎಡಕ್ಕೂ ಬಲಕ್ಕೂ ತಿರುಗಿಸಿದರು. ಮೊದಲು ಅವರು ಹಾಗೆ ಮಾಡುತ್ತಿರಲಿಲ್ಲ ಎಂಬುದು ನನಗೆ ಆಗಲೇ ಹೊಳೆದದ್ದು. ಅಷ್ಟು ದಿನ ಎದುರಿನ ಗೋಡೆಯನ್ನೊಂದೇ ನೋಡುತ್ತ ಓದುತ್ತಿದ್ದರು. ಪ್ರಸಂಗ ಎಂದಿಗಿಂತ ಉದ್ದವಾಯಿತು. ಅದು ಎಂದಿಗಿಂತ ಚೆನ್ನಾಗಿತ್ತು ಎಂದು ನಾನು ಹೇಳುವುದಿಲ್ಲ. ಆದರೆ ಹಿಂದಿನ ಸಾಲಿನವರಿಗೂ ಕೇಳಿಸಿತು.

ಬಿಷಪ್ಪರು ಗಡ್ಡದ ಬಗ್ಗೆ ಒಂದು ಮಾತೂ ಆಡಲಿಲ್ಲ. ಊಟಕ್ಕೆ ಕೂತಾಗ ಎಣ್ಣೆಗಾಯಿ ಪಲ್ಯ ಯಾರು ಮಾಡಿದ್ದು ಎಂದು ಮಾತ್ರ ಕೇಳಿದರು. ಅಂಗಳದ ಲಿಲಾವಿನಲ್ಲಿ ಹಿರಿಯರು ಎಂದಿನಂತೆ ಗಟ್ಟಿ ದನಿಯಲ್ಲಿ ಕೂಗು ಹಾಕುತ್ತಿದ್ದರು. ಒಂದು ಕೋಳಿಗೆ ನಾನು ಕೈ ಎತ್ತಿದೆ. ಅವರು ನನ್ನ ಕೈಯನ್ನು ನೋಡಿಯೂ ನೋಡದವರಂತೆ ಬೇರೆಯವರ ಕಡೆ ತಿರುಗಿದರು. ನಾನು ಕೈ ಇಳಿಸಲಿಲ್ಲ. ಪಕ್ಕದಲ್ಲಿದ್ದವರು, ಇಲ್ಲೊಬ್ಬರು ಕೇಳಾಕತ್ತಾರ ನೋಡ್ರಿ ಎಂದಾಗ ಅವರು ಒಪ್ಪಲೇಬೇಕಾಯಿತು. ಕೋಳಿಯನ್ನು ಬಗಲಲ್ಲಿ ಹಿಡಿದು ಮನೆಗೆ ಬಂದೆ. ಅತ್ತೆ ಅದನ್ನು ನನ್ನ ಕೈಯಿಂದ ಇಸಿದುಕೊಂಡು, ಅಯ್ಯನವರು ಈಗ ಅಯ್ಯನವರ ಹಾಗೆ ಕಾಣುತ್ತಾರೆ ಎಂದಷ್ಟೇ ಹೇಳಿ ಒಳಗೆ ಹೋದರು.

ಹಿರಿಯರು ಹೇಳಿದ ಮಾತು ಪೂರ್ತಿ ಸುಳ್ಳಾಗಲಿಲ್ಲ. ಚರ್ಚಿನ ಕೆಲವು ಮನೆಗಳವರು ನಮ್ಮ ಸಲೂನಿಗೆ ಬರುವುದನ್ನು ಬಿಟ್ಟರು, ಇನ್ನೂ ಬಂದಿಲ್ಲ. ಅವರಲ್ಲಿ ನನ್ನ ಗಂಡನ ದೊಡ್ಡಪ್ಪನ ಮಗನೂ ಒಬ್ಬ. ಬೇರೆಯವರು ಬಂದರು. ದುಂಡು ಮುಖದವರು, ಗದ್ದ ಹಿಂದಿದ್ದವರು, ಬೇರೆ ಕಡೆ ಹೇಳಿಕೊಳ್ಳಲು ನಾಚುವವರು ನನ್ನ ಕುರ್ಚಿಯನ್ನೇ ಕೇಳಿಕೊಂಡು ಬರತೊಡಗಿದರು. ಅವರೆಲ್ಲರಿಗೂ ತುಂಬು ಗಡ್ಡವನ್ನೇ ಹೇಳುವುದಿಲ್ಲ. ಮೊನ್ನೆ ಒಬ್ಬ ಬ್ಯಾಂಕಿನ ಗುಮಾಸ್ತರು ಬಂದಿದ್ದರು. ಅವರ ಕೆನ್ನೆಯಲ್ಲಿ ಕೂದಲೇ ಬೆಳೆಯುವುದಿಲ್ಲ, ಗದ್ದದಲ್ಲಿ ಮಾತ್ರ ಒತ್ತಾಗಿದೆ. ಅವರ ಗದ್ದ ಸಣ್ಣದಾದರೂ ಕುತ್ತಿಗೆ ತೆಳ್ಳಗಿತ್ತು, ಜಾರು ಅಷ್ಟು ಕಾಣುತ್ತಿರಲಿಲ್ಲ. ಅವರಿಗೆ ಫ್ರೆಂಚನ್ನೇ ಮಾಡಿ, ತುದಿಯನ್ನು ಒಂದು ಬೆರಳು ಉದ್ದ ಬಿಟ್ಟೆ. ನನ್ನ ಗಂಡ ಪಕ್ಕದಿಂದ ನೋಡಿ, ಫ್ರೆಂಚಿನ ಬೆಲೆ ಈಗ ತಿಳಿಯಿತಲ್ಲ ಎಂದು ನಕ್ಕ. ತಿಳಿದದ್ದನ್ನೇ ಮಾಡಿದ್ದೇನೆ ಎಂದೆ. ಪಟ್ಟಿ ಗಡ್ಡ ಕೇಳಿ ಬರುವ ದುಂಡು ಮುಖದವರಿಗೆ ಮಾತ್ರ ಇವತ್ತಿಗೂ ಎರಡು ಸಲ ಕೇಳುತ್ತೇನೆ, ಖರೇನೇ ಬೇಕೇ ಎಂದು. ಬೇಕೇ ಬೇಕು ಎಂದರೆ ಮಾಡಿಕೊಡುತ್ತೇನೆ. ಮುಖ ಅವರದು.

ಸಭಾಪಾಲಕರಿಗೆ ಕಳೆದ ವರ್ಷ ಗದಗಿನ ಕಡೆಗೆ ವರ್ಗವಾಯಿತು. ಗಡ್ಡ ಹಾಗೆಯೇ ಇದೆ. ಬಿಸಿಲುಗಾಲದಲ್ಲಿ ಗಿಡ್ಡ ಮಾಡಿಸುತ್ತಾರಂತೆ, ಎರಡು ಬೆರಳಿನ ಲೆಕ್ಕವನ್ನು ಅಲ್ಲಿಯ ಸಲೂನಿನವನಿಗೂ ಕಲಿಸಿದ್ದಾರಂತೆ.

ಹಿರಿಯರು ಇಲ್ಲಿಯೇ ಇದ್ದಾರೆ. ಭಾನುವಾರ ಬಾಗಿಲಲ್ಲಿ ನಿಂತು ಬಂದವರಿಗೆಲ್ಲ ಹಾಡಿನ ಪುಸ್ತಕ ಕೊಡುವುದು ಅವರ ಕೆಲಸ. ನನಗೆ ಕೊಡುವಾಗ ಬೇರೆ ಕಡೆ ನೋಡುತ್ತಾರೆ. ನಾನು ಎರಡೂ ಕೈಯಿಂದ ತೆಗೆದುಕೊಂಡು, ನಮಸ್ಕಾರ್ರಿ ಕಾಕಾರ ಎನ್ನುತ್ತೇನೆ. ಅವರು ಹಿಂದೆ ಬಂದವರಿಗೆ ಪುಸ್ತಕ ಚಾಚುತ್ತಾರೆ. ನಾನು ಒಳಗೆ ಹೋಗಿ ಮುಂದಿನ ಸಾಲಿನಲ್ಲಿ ಕೂತು, ಗಟ್ಟಿಯಾಗಿ ಹಾಡುತ್ತೇನೆ.